ದಸರಾಕ್ಕೆ ಮುಗಿಯುತ್ತದಾ?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಎಂಜಿನಿಯರಿಂಗ್ ಮ್ಯಾನೇಜರ್ ಕೆಲಸಕ್ಕೆ ಸಂದರ್ಶನ ನಡೆಯುವಾಗ ಒಂದು ಸುತ್ತಿನಲ್ಲಿ ಕೋಡ್ ಬರೆಯಿರಿ ಅಂತ ಯಾರೂ ಕೇಳುವುದಿಲ್ಲ. ಬರೀ ಮಾತು, ಸುಮಾರು ಒಂದು ಗಂಟೆ. ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು ಅಲ್ಲೇ. ಆರೆಂಟು ಎಂಜಿನಿಯರ್‌ಗಳ ಕೆಲಸಕ್ಕೆ ಜವಾಬ್ದಾರನಾಗಬೇಕಾದ ವ್ಯಕ್ತಿಯನ್ನು ಆ ಗಂಟೆಯಲ್ಲಿ ಸುತ್ತಿ ಬಳಸಿ ಮೂರು ವಿಷಯ ಕೇಳುತ್ತಾರೆ: ಕೆಲಸ ಯಾವಾಗ ಮುಗಿಯುತ್ತದೆ ಅಂತ ಹೇಗೆ ಹೇಳುತ್ತೀರಿ? ತಂಡದಲ್ಲಿ ಒಬ್ಬರ ಕೆಲಸ ಸಾಲದು ಅನ್ನಿಸಿದರೆ ಏನು ಮಾಡುತ್ತೀರಿ? ಹಳೆಯ ಕೋಡ್ ರಿಪೇರಿ ಮಾಡುವುದಾ, ಹೊಸದನ್ನು ಮುಗಿಸಿ ಕೊಡುವುದಾ?

ಮೂರಕ್ಕೂ ಬೇರೆ ಬೇರೆ ಉತ್ತರ ಬಾಯಿಪಾಠ ಮಾಡಿಕೊಂಡು ಬರುವವರೇ ಹೆಚ್ಚು. ಆದರೆ ನಿಜವಾದ ತಂಡದಲ್ಲಿ ಈ ಮೂರೂ ಒಂದೇ ಜಾಗದಲ್ಲಿ ಗಂಟು ಬಿದ್ದಿರುತ್ತವೆ. ಒಂದು ಕಲ್ಪಿತ ತಂಡವನ್ನು ಮುಂದಿಟ್ಟುಕೊಂಡು ನೋಡೋಣ.

ಬಸ್ ಟಿಕೆಟ್ ಮಾರುವ ಒಂದು ಆ್ಯಪ್. ನಾಲ್ಕು ಜನರ ಟಿಕೆಟ್ ಒಟ್ಟಿಗೆ ಬುಕ್ ಮಾಡಿದರೆ ರದ್ದು ಮಾಡುವಾಗಲೂ ನಾಲ್ಕನ್ನೂ ಮಾಡಬೇಕು. ಒಬ್ಬರದ್ದು ಮಾತ್ರ ರದ್ದು ಮಾಡುವ ಅನುಕೂಲ ಬೇಕೆಂದು ಗ್ರಾಹಕರ ಒತ್ತಾಯ. ದಸರಾ ರಜೆಗೆ ಎಂಟು ವಾರ ಉಳಿದಿದೆ. ಸಂದರ್ಶಕರು ಕೇಳುತ್ತಾರೆ: “ಮೂರು ಜನರನ್ನು ಕೊಡುತ್ತೇವೆ. ದಸರಾಕ್ಕೆ ಮುಗಿಯುತ್ತದಾ?”

“ಮುಗಿಯುತ್ತದೆ ಸರ್” ಅಂದವರು ಅಲ್ಲೇ ಅರ್ಧ ಸೋತಂತೆ. “ಅಗೈಲ್‌ನಲ್ಲಿ ದಿನಾಂಕ ಹೇಳುವುದಿಲ್ಲ” ಅಂದವರು ಪೂರ್ತಿ ಸೋತಂತೆ. ಟ್ರಾವೆಲ್ಸ್‌ನವರಿಗೆ ತಿಳಿಸಬೇಕು, ಜಾಹೀರಾತು ಹೋಗಬೇಕು, ಗ್ರಾಹಕ ಸೇವೆಯವರಿಗೆ ತರಬೇತಿ ಆಗಬೇಕು. ದಿನಾಂಕ ಇಲ್ಲದೆ ಇದ್ಯಾವುದೂ ನಡೆಯದು.

ಅನುಭವ ಇದ್ದವರು ಮೊದಲು ಕೆಲಸವನ್ನು ಬಿಡಿಸುತ್ತಾರೆ. ರೀಫಂಡ್ ಲೆಕ್ಕ, ಸೀಟನ್ನು ಟ್ರಾವೆಲ್ಸ್‌ನವರ ವ್ಯವಸ್ಥೆಗೆ ಮರಳಿಸುವುದು, ಬ್ಯಾಂಕ್ ಕಡೆಯಿಂದ ಭಾಗಶಃ ಹಣ ವಾಪಸು, ಆ್ಯಪ್ ಮತ್ತು ವೆಬ್‌ಸೈಟಿನ ಪರದೆಗಳು, ಕಚೇರಿಯವರು ನೋಡುವ ವರದಿಯ ಪುಟ, ಪರೀಕ್ಷೆ. ಒಂದೊಂದಕ್ಕೂ ಮಾಡುವವರನ್ನೇ ಕೇಳಿ ಕೂಡಿದಾಗ 30 ದಿನದ ಕೆಲಸ ಅಂತ ಇಟ್ಟುಕೊಳ್ಳಿ. ಮೂರು ಜನ, ಹತ್ತು ದಿನ, ಎರಡು ವಾರ! ಹೀಗೆ ಭಾಗಿಸಿ ಮಾತು ಕೊಟ್ಟ ಮ್ಯಾನೇಜರ್‌ಗಳು ಕಡಿಮೆ ಇಲ್ಲ. ಆದರೆ ಮೀಟಿಂಗು, ರಾತ್ರಿ ಕೆಟ್ಟುಹೋದ ಸರ್ವರ್, ಇನ್ನೊಬ್ಬರ ಕೋಡ್ ರಿವ್ಯೂ, ರಜೆ ಎಲ್ಲ ಕಳೆದರೆ ಒಬ್ಬ ಎಂಜಿನಿಯರ್‌ಗೆ ವಾರಕ್ಕೆ ಹೊಸ ಕೆಲಸಕ್ಕೆಂದು ಮೂರು ದಿನ ಸಿಕ್ಕಿದರೆ ಪುಣ್ಯ. ಮೂವರಿಂದ ವಾರಕ್ಕೆ ಒಂಬತ್ತು ದಿನ. ಹಾಗಾದರೆ ಮೂರು ವಾರ ದಾಟಿತು.

ಇಷ್ಟಕ್ಕೇ ನಿಲ್ಲುವಂತಿಲ್ಲ, ಏಕೆಂದರೆ ಆ 30 ಅನ್ನುವ ಅಂಕಿಯೇ ಆಸೆಯ ಅಂಕಿ. 1994ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರಾದ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಒಂದು ಅಧ್ಯಯನ ಪ್ರಕಟಿಸಿದರು. ಪದವಿಯ ಕೊನೆಯ ಪ್ರಬಂಧ ಎಷ್ಟು ದಿನದಲ್ಲಿ ಮುಗಿಸುತ್ತೀರಿ ಅಂತ ವಿದ್ಯಾರ್ಥಿಗಳನ್ನು ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ? ಆಗ ಸುಮಾರು 49. ನಿಜವಾಗಿ ಹಿಡಿದದ್ದು ಸರಾಸರಿ 55ಕ್ಕೂ ಹೆಚ್ಚು. ಅತಿ ಕೆಟ್ಟ ಊಹೆಯೂ ಸಾಲಲಿಲ್ಲ. ಮುಂದಿನ ಕೆಲಸವನ್ನು ಕಲ್ಪಿಸಿಕೊಳ್ಳುವಾಗ ನಾವು ಹಿಂದಿನ ಕೆಲಸ ಹೇಗೆ ಎಳೆಯಿತು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಆದ್ದರಿಂದ ತಂಡದ ಹಳೆಯ ದಾಖಲೆ ತೆಗೆಯಬೇಕು. ನಮ್ಮ ಕಲ್ಪಿತ ತಂಡದ ಹಿಂದಿನ ಆರು ಕೆಲಸಗಳಲ್ಲಿ, ಅಂದಾಜಿನ ಒಂದು ದಿನಕ್ಕೆ ನಿಜವಾಗಿ ಹಿಡಿದದ್ದು 1.1, 1.2, 1.3, 1.5, 1.6 ಮತ್ತು 2.2 ದಿನ. ನಡುವಿನದ್ದು 1.4. ಅದರಿಂದ ಗುಣಿಸಿದರೆ 42 ದಿನದ ಕೆಲಸ, ಅಂದರೆ ಐದು ವಾರದ ಒಳಗೆ. ಕೊನೆಯ 2.2ರಿಂದ ಗುಣಿಸಿದರೆ ಏಳು ವಾರ ದಾಟುತ್ತದೆ. ಹಬ್ಬದ ಹಿಂದಿನ ವಾರ ಯಾರೂ ಹೊಸ ಕೋಡ್ ಹಾಕುವುದಿಲ್ಲವಾದ್ದರಿಂದ ಕೈಯಲ್ಲಿರುವುದು ಎಂಟಲ್ಲ, ಏಳು ವಾರ. “ಐದು ವಾರಕ್ಕೆ ಆಗುವ ಸಂಭವ ಹೆಚ್ಚು, ಆದರೆ ದಸರಾ ತಪ್ಪುವ ಅಪಾಯವೂ ಇದೆ. ಒಂದೇ ಸೀಟು ರದ್ದು ಮಾಡಲು ಟ್ರಾವೆಲ್ಸ್‌ನವರ ವ್ಯವಸ್ಥೆ ಬಿಡುತ್ತದಾ ಅಂತ ಮೊದಲ ಎರಡು ದಿನ ಪ್ರಯೋಗ ಮಾಡಿ ನೋಡುತ್ತೇನೆ. ಆಮೇಲೆ ದಿನಾಂಕ ಹೇಳುತ್ತೇನೆ.” ಇದು ಒಳ್ಳೆಯ ಉತ್ತರ. ಇದಕ್ಕಿಂತ ಒಳ್ಳೆಯ ಅಭ್ಯರ್ಥಿ ಇನ್ನೊಂದು ಪ್ರಶ್ನೆ ತಾನೇ ಕೇಳುತ್ತಾನೆ: ಆ 2.2 ಯಾವ ಕೆಲಸದ್ದು?

ಅದು ರೀಫಂಡ್ ಭಾಗದಲ್ಲಿ ಮಾಡಿದ ಕೆಲಸ ಅಂತ ಇಟ್ಟುಕೊಳ್ಳಿ. ಮಾಡಿದವನು ಮೂರು ವರ್ಷದ ಅನುಭವದ ಒಬ್ಬ ಎಂಜಿನಿಯರ್. ತಂಡದಲ್ಲಿ ಅವನ ಬಗ್ಗೆ ಗೊಣಗಾಟ ಶುರುವಾಗಿದೆ. ಎರಡನೆಯ ವಿಷಯ ಬಾಗಿಲಿಗೆ ಬಂದು ನಿಂತಿತು.

ಈ ಜಾಗದಲ್ಲಿ ಸಂದರ್ಶಕರು ಕಲ್ಪನೆಯನ್ನು ಬಿಟ್ಟು ಅಭ್ಯರ್ಥಿಯ ಸ್ವಂತ ಅನುಭವ ಕೇಳುತ್ತಾರೆ, ಮತ್ತು ಎಳೆ ಹಿಡಿದು ಹಿಂದೆ ಹಿಂದೆ ಹೋಗುತ್ತಾರೆ. ಮೊದಲು ಯಾವಾಗ ಗಮನಕ್ಕೆ ಬಂತು? ನೀವೇ ಕಂಡಿರೋ, ಬೇರೆಯವರು ದೂರಿದರೋ? ಅವರಿಗೆ ಹೇಳಿದ ಮಾತು ಏನು, ಆದಷ್ಟು ಅದೇ ಮಾತಿನಲ್ಲಿ ಹೇಳಿ. ಎರಡನೆಯ ವಾರ ಏನಾಯಿತು? “ಪ್ರೀತಿಯಿಂದ ಮಾತಾಡಿದೆ, ಮಾರ್ಗದರ್ಶನ ಕೊಟ್ಟೆ, ಸುಧಾರಿಸಿದರು” ಅನ್ನುವ ಕಥೆ ಎರಡನೆಯ ಪ್ರಶ್ನೆಗೇ ಕುಸಿಯುತ್ತದೆ. ನಡೆದಿದ್ದರೆ ವಿವರ ನೆನಪಿರುತ್ತದೆ. ಇಂಥ ಮಾತು ಆಡಿದವರಿಗೆ ಅದು ಸುಲಭಕ್ಕೆ ಮರೆಯುವುದಿಲ್ಲ.

ನಮ್ಮ ತಂಡದಲ್ಲಿ ಮ್ಯಾನೇಜರ್ ಮಾಡಬೇಕಾದದ್ದು ಮೊದಲು ಪತ್ತೆ ಕೆಲಸ. ಇದೇ ಎಂಜಿನಿಯರ್ ಕಳೆದ ವರ್ಷ ಸೀಟು ಹುಡುಕುವ ಭಾಗದಲ್ಲಿ ಹೇಗಿದ್ದ? ಚೆನ್ನಾಗಿಯೇ ಮಾಡಿದ್ದ. ರೀಫಂಡ್ ಕೋಡಿನಲ್ಲಿ ಅಷ್ಟೇ ದೊಡ್ಡ ಬದಲಾವಣೆಯನ್ನು ಒಬ್ಬ ಹಿರಿಯ ಎಂಜಿನಿಯರ್‌ಗೆ ಕೊಟ್ಟು ನೋಡಿದರೆ? ಅವರಿಗೂ ಅಂದಾಜಿನ ದುಪ್ಪಟ್ಟು ಹಿಡಿಯಿತು. ಹಾಗಾದರೆ ತಪ್ಪು ಹುಡುಗನದ್ದಲ್ಲ, ಕೋಡಿನದ್ದು ಅಂತ ಮುಗಿಸಿಬಿಡುವ ಆಸೆ ಆಗುತ್ತದೆ. ಅದೂ ಅವಸರದ ತೀರ್ಮಾನ. ದಾಖಲೆ ಇನ್ನಷ್ಟು ನೋಡಿದಾಗ ಇನ್ನೊಂದು ಸಂಗತಿ ಸಿಗುತ್ತದೆ: ಹಿರಿಯರು ಸಿಕ್ಕಿಬಿದ್ದ ದಿನವೇ ಬೇರೆಯವರನ್ನು ಕರೆದು ಕೇಳಿದ್ದಾರೆ, ಇವನು ಮೂರು ಮೂರು ದಿನ ಬಾಯಿ ಬಿಟ್ಟಿಲ್ಲ. ಬೆಳಗಿನ ಮೀಟಿಂಗಿನಲ್ಲಿ ಪ್ರತಿದಿನ “ಆಗ್ತಾ ಇದೆ” ಅಂದಿದ್ದಾನೆ. ಆಮೇಲೆ ಸಾವಿರ ಸಾಲಿನ ಬದಲಾವಣೆಯನ್ನು ಒಂದೇ ಸಲ ರಿವ್ಯೂಗೆ ಕಳಿಸಿದ್ದಾನೆ. ಓದಲು ಯಾರಿಗೂ ಧೈರ್ಯ ಸಾಲದೆ ಅದು ಐದು ದಿನ ಬಿದ್ದುಕೊಂಡಿದೆ.

ಈಗ ಮಾತಾಡಲು ಒಂದು ಗಟ್ಟಿ ವಿಷಯ ಸಿಕ್ಕಿತು. ಇಬ್ಬರೇ ಕೂತು, ಸುತ್ತು ಬಳಸು ಇಲ್ಲದೆ: “ರೀಫಂಡ್ ಕೋಡ್ ಕಷ್ಟದ್ದು ಅಂತ ನನಗೂ ಗೊತ್ತು. ಆದರೆ ನೀವು ಸೋಮವಾರ ಸಿಕ್ಕಿಬಿದ್ದದ್ದು ನನಗೆ ಗುರುವಾರ ಗೊತ್ತಾಯಿತು. ಇನ್ನು ಮೇಲೆ ಅರ್ಧ ದಿನ ಮುಂದೆ ಹೋಗಲಿಲ್ಲ ಅಂದರೆ ಯಾರನ್ನಾದರೂ ಕರೆಯಬೇಕು. ಎರಡು ದಿನಕ್ಕಿಂತ ದೊಡ್ಡ ಬದಲಾವಣೆ ರಿವ್ಯೂಗೆ ಬರಬಾರದು. ಪ್ರತಿ ಬುಧವಾರ ಇಬ್ಬರೂ ಕೂತು ನೋಡೋಣ.” ಅದೇ ಸಂಜೆ ಇದನ್ನೇ ಬರೆದು ಮೇಲ್ ಕಳಿಸಬೇಕು. ನಾಳೆ “ನನಗೆ ಯಾರೂ ಹೇಳಲೇ ಇಲ್ಲ” ಅನ್ನುವ ಮಾತು ಬರಬಾರದು, ಇವರು ಹೇಳಿದ್ದನ್ನು ಇವರೇ ಬದಲಾಯಿಸುವಂತೆಯೂ ಇರಬಾರದು.

ಆರು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಎಚ್‌ಆರ್ ಜೊತೆಗೂಡಿ ಔಪಚಾರಿಕ ಸುಧಾರಣಾ ಯೋಜನೆ. ಪಿಐಪಿ ಅಂತ ಕೇಳಿದರೇ ಐಟಿ ಮಂದಿ ನಡುಗುವುದು ಇದಕ್ಕೇ. ಬಹಳ ಕಡೆ ಅದು ಹೊರಗೆ ಕಳಿಸುವ ತೀರ್ಮಾನ ಆದ ಮೇಲೆ ತಯಾರಾಗುವ ಕಾಗದ, ಹಾಗಾಗಿ ನಡುಗುವುದರಲ್ಲಿ ಅರ್ಥವಿದೆ. ಅದಕ್ಕೆ ಮೊದಲಿನ ಆ ಆರು ವಾರದಲ್ಲೇ ಮ್ಯಾನೇಜರ್‌ನ ಯೋಗ್ಯತೆ ತಿಳಿಯುವುದು. ನನ್ನ ಮಟ್ಟಿಗೆ, ಎಲ್ಲ ಕಥೆಯೂ ಸುಖಾಂತವಾದ ಅಭ್ಯರ್ಥಿಗಿಂತ, ಒಬ್ಬರನ್ನು ಕಳಿಸಬೇಕಾಗಿ ಬಂದದ್ದನ್ನು ನೇರವಾಗಿ ಹೇಳುವವರ ಮಾತು ಹೆಚ್ಚು ನಂಬಿಕೆಗೆ ಅರ್ಹ. ಕೆಲಸ ಮಾಡದವರನ್ನು ವರ್ಷಗಟ್ಟಲೆ ಇಟ್ಟುಕೊಂಡರೆ ಆ ಭಾರ ಹೊರುವವರು ಪಕ್ಕದಲ್ಲಿ ಕೂತ ಇನ್ನಿಬ್ಬರು.

ಉಳಿದದ್ದು ಆ ರೀಫಂಡ್ ಕೋಡ್. ಒಂದೊಂದು ಟ್ರಾವೆಲ್ಸ್‌ನವರ ನಿಯಮ ಒಂದೊಂದು ಥರ. ಒಬ್ಬರು ಆರು ಗಂಟೆ ಮೊದಲು ರದ್ದಾದರೆ ಅರ್ಧ ಕೊಡುತ್ತಾರೆ, ಇನ್ನೊಬ್ಬರು ಹನ್ನೆರಡು ಗಂಟೆ ಅನ್ನುತ್ತಾರೆ. ಅಷ್ಟನ್ನೂ ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು ತುರುಕಲಾಗಿದೆ. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುತ್ತದೆ, ಕೆಟ್ಟದ್ದು ತಿಳಿಯುವುದು ಗ್ರಾಹಕರು ಫೋನ್ ಮಾಡಿದಾಗ. ಇಂಥದ್ದಕ್ಕೆ ಸಾಲದ ಹೋಲಿಕೆ ಕೊಟ್ಟವರು ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್, 1992ರಲ್ಲಿ. ಬೇಗ ಮುಗಿಸಲು ಸಾಲ ಮಾಡಿದ್ದು ತಪ್ಪಲ್ಲ, ತೀರಿಸದೆ ಬಿಟ್ಟರೆ ಮುಂದಿನ ಪ್ರತಿ ಕೆಲಸದ ಮೇಲೂ ಬಡ್ಡಿ ಬೀಳುತ್ತದೆ ಅನ್ನುವುದು ಅವರ ಮಾತಿನ ತಾತ್ಪರ್ಯ.

ಎಂಜಿನಿಯರ್‌ಗಳು “ಪೂರ್ತಿ ಹೊಸದಾಗಿ ಬರೆಯೋಣ, ಎರಡು ತಿಂಗಳು ಕೊಡಿ” ಅನ್ನುತ್ತಾರೆ. ಮೇಲಿನವರು “ದಸರಾ ಆಗಲಿ, ಆಮೇಲೆ ನೋಡೋಣ” ಅನ್ನುತ್ತಾರೆ. ನಡುವೆ ನಿಂತ ಮ್ಯಾನೇಜರ್ ಬಡ್ಡಿಯ ಲೆಕ್ಕ ತೆಗೆಯಬೇಕು. ಹೊಸ ನಿಯಮ ಒಂದನ್ನು ಸೇರಿಸಲು ಈಗ ನಾಲ್ಕು ದಿನ ಬೇಕು, ಕೋಡ್ ಸರಿಯಿದ್ದರೆ ಒಂದೂವರೆ ಸಾಕು, ವರ್ಷಕ್ಕೆ ಹತ್ತು ನಿಯಮ ಬರುತ್ತವೆ ಅಂದರೆ ವರ್ಷಕ್ಕೆ 25 ದಿನ ಸುಮ್ಮನೆ ಹೋಗುತ್ತಿದೆ. ಇದನ್ನು ಆರು ದಿನದಲ್ಲಿ ಬಹುಮಟ್ಟಿಗೆ ತಡೆಯಬಹುದು. ಮೊದಲು ಈಗಿನ ಕೋಡ್ ಸರಿಯೋ ತಪ್ಪೋ ಏನು ಉತ್ತರ ಕೊಡುತ್ತಿದೆಯೋ ಅದನ್ನು ಹಾಗೆಯೇ ಹಿಡಿದಿಡುವ ಟೆಸ್ಟ್‌ಗಳನ್ನು ಬರೆಯುವುದು, ಆಮೇಲೆ ರದ್ದತಿಯ ನಿಯಮಗಳನ್ನಷ್ಟೇ ಹೊರತೆಗೆದು ಬೇರೆ ಇಡುವುದು. ಉಳಿದ ಕೊಳಕು ಹಾಗೇ ಇರಲಿ. ಯಾರೂ ಮುಟ್ಟದ ಕೋಡಿಗೆ ಬಡ್ಡಿ ಬೀಳುವುದು ಕಡಿಮೆ.

ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ವರ್ಷಗಳಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡನ್ನು ಅಳಿಸಿರಲಿಲ್ಲ. ಅದನ್ನು ಎಬ್ಬಿಸುವ ಗುರುತನ್ನೇ ಹೊಸ ಕೆಲಸಕ್ಕೆ ಬಳಸಿಕೊಂಡರು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ತಲುಪಿರಲಿಲ್ಲ, ಅಲ್ಲಿ ಹಳೆಯದು ಎದ್ದು ಕೂತಿತು. ಆದ್ದರಿಂದ ಹಳೆಯ ಕೋಡನ್ನು ಬಿಡುವ ಮುಂಚೆ ಅದು ಯಾವುದಾದರೂ ದಾರಿಯಿಂದ ಓಡಬಲ್ಲದೇ ಅಂತ ನೋಡಬೇಕು. ಓಡುವಂತಿದ್ದರೆ, ಯಾರಿಗೂ ಬೇಡವಾಗಿದ್ದರೆ, ಅಳಿಸಬೇಕು.

ಮತ್ತೆ ಬಸ್ಸಿಗೆ ಬರೋಣ. ಆರು ದಿನ ಸೇರಿಸಿದರೆ 30 ಹೋಗಿ 36 ಆಯಿತು, 2.2ರ ಲೆಕ್ಕದಲ್ಲಿ ಸುಮಾರು ಒಂಬತ್ತು ವಾರ, ದಸರಾ ತಪ್ಪಿತು. ಹಾಗಾಗಿ ಏನನ್ನಾದರೂ ಬಿಡಬೇಕು. ವೆಬ್‌ಸೈಟಿನ ಪರದೆ ಹಬ್ಬದ ನಂತರ. ಕಚೇರಿಯ ವರದಿ ಪುಟವೂ ನಂತರ, ಎರಡು ತಿಂಗಳು ಗ್ರಾಹಕ ಸೇವೆಯವರು ಕೈಯಲ್ಲೇ ಪಟ್ಟಿ ಮಾಡಿಕೊಳ್ಳಲಿ. ಇದೂ ಸಾಲವೇ, ಆದರೆ ತೀರಿಸುವ ದಿನಾಂಕ ಬರೆದಿಟ್ಟ ಸಾಲ. ಒಂಬತ್ತು ದಿನ ಇಳಿದು 27 ಉಳಿಯಿತು. ಅತಿ ಕೆಟ್ಟ ಗುಣಕ ಹಾಕಿದರೂ ಆರೂವರೆ ವಾರದ ಆಸುಪಾಸು. ಈಗ ಏಳು ವಾರಕ್ಕೆ ಮಾತು ಕೊಡಬಹುದು.

ಸಂದರ್ಶಕರ ಕೊನೆಯ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: “ಐದನೆಯ ವಾರ. ಅರ್ಧವೂ ಆಗಿಲ್ಲ. ಇನ್ನಿಬ್ಬರನ್ನು ಕೊಡುತ್ತೇವೆ, ತಗೊಳ್ತೀರಾ?” ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು, ಐಬಿಎಂನಲ್ಲಿ ದೊಡ್ಡದೊಂದು ಆಪರೇಟಿಂಗ್ ಸಿಸ್ಟಂ ಕಟ್ಟಿಸಿದ ಅನುಭವದಿಂದ. ಹೊಸಬರಿಗೆ ರೀಫಂಡ್ ಫೈಲ್ ಅರ್ಥ ಮಾಡಿಸಲು ಕೂರಬೇಕಾದವರು ಈಗ ಅದನ್ನು ಬರೆಯುತ್ತಿರುವ ಮೂವರೇ. ಒಳ್ಳೆಯ ಅಭ್ಯರ್ಥಿ ಆ ಇಬ್ಬರನ್ನು ಬೇಡ ಅನ್ನುವುದಿಲ್ಲ. ರಾತ್ರಿ ಸರ್ವರ್ ಕಾಯುವ ಸರದಿಯನ್ನೂ ಉಳಿದ ಚಿಲ್ಲರೆ ದೂರುಗಳನ್ನೂ ಅವರಿಗೆ ಕೊಟ್ಟು, ತನ್ನ ಮೂವರ ವಾರವನ್ನು ಮೂರು ದಿನದಿಂದ ನಾಲ್ಕಕ್ಕೆ ಏರಿಸಿಕೊಳ್ಳುತ್ತಾನೆ. ಹಾಗೆ ಮಾಡಿದರೂ ಎಲ್ಲ ಟ್ರಾವೆಲ್ಸ್‌ಗೆ ದಸರಾಕ್ಕೆ ಆಗುವುದಿಲ್ಲ, ಹೆಚ್ಚು ಟಿಕೆಟ್ ಹೋಗುವ ಕೆಲವರಿಗೆ ಮಾತ್ರ ಆಗುತ್ತದೆ ಅಂತ ಆ ಐದನೆಯ ವಾರದಲ್ಲೇ ಮೇಲಿನವರಿಗೆ ಹೇಳುತ್ತಾನೆ, ಜಾಹೀರಾತು ಇನ್ನೂ ಅಚ್ಚಿಗೆ ಹೋಗದಿರುವಾಗ.