ಪಿಜಿ ಸೀಟಿಗೆ ಒಂದು ಪುಟದ ಆತ್ಮಕಥನ

ನಮ್ಮಲ್ಲಿ ಎಂಬಿಬಿಎಸ್ ಮುಗಿಸಿದವರು ಪಿಜಿ ಸೀಟಿಗಾಗಿ ತಮ್ಮ ಬಗ್ಗೆ ಒಂದು ಸಾಲನ್ನೂ ಬರೆಯಬೇಕಿಲ್ಲ. ನೀಟ್ ಪಿಜಿಯಲ್ಲಿ 200 ಪ್ರಶ್ನೆಗಳು, 800 ಅಂಕಗಳು. ಬಂದ ರ‍್ಯಾಂಕು, ಮೀಸಲಾತಿ, ಕೌನ್ಸೆಲಿಂಗ್‌ನಲ್ಲಿ ಕೊಟ್ಟ ಆಯ್ಕೆಗಳು ಸೇರಿ ಸೀಟನ್ನು ತೀರ್ಮಾನಿಸುತ್ತವೆ. ಮಕ್ಕಳ ವೈದ್ಯರಾಗಬೇಕೆಂದು ಹಂಬಲಿಸಿದವರಿಗೆ ಬೇರೆ ವಿಭಾಗ ಸಿಕ್ಕರೂ, ಆ ಹಂಬಲ ಏಕೆ ಬಂತೆಂದು ಯಾರೂ ಕೇಳುವುದಿಲ್ಲ.

ಅದೇ ಪದವೀಧರರು ಅಮೆರಿಕದ ಪಿಜಿ ತರಬೇತಿಗೆ, ಅಂದರೆ ರೆಸಿಡೆನ್ಸಿಗೆ ಅರ್ಜಿ ಹಾಕಿದಾಗ ಲೆಕ್ಕ ಬದಲಾಗುತ್ತದೆ. ಪರೀಕ್ಷೆಯ ಫಲಿತಾಂಶ, ಹಿರಿಯ ವೈದ್ಯರ ಶಿಫಾರಸು ಪತ್ರಗಳ ಜೊತೆಗೆ ‘ಪರ್ಸನಲ್ ಸ್ಟೇಟ್‌ಮೆಂಟ್’ ಎಂಬ ಬರಹವೂ ಹೋಗಬೇಕು. ಈ ವಿಭಾಗವನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ಅಭ್ಯರ್ಥಿ ತನ್ನ ಮಾತಿನಲ್ಲಿ ಹೇಳುವ ಜಾಗ ಅದು. ಇರಾಸ್ ಎಂಬ ಅರ್ಜಿ ವ್ಯವಸ್ಥೆ 28,000 ಅಕ್ಷರಗಳವರೆಗೆ ಬರೆಯಲು ಬಿಡುತ್ತದಾದರೂ, ಒಂದು ಪುಟಕ್ಕಿಂತ ಹೆಚ್ಚು ಬರೆಯಬಾರದೆಂಬುದು ರೂಢಿ. ಇನ್ನೊಂದು ಬದಲಾವಣೆಯೂ ಆಗಿದೆ. ಯುಎಸ್ಎಂಎಲ್ಇ ಮೊದಲ ಹಂತದ ಪರೀಕ್ಷೆಯಲ್ಲಿ 2022ರ ಜನವರಿಯಿಂದ ಅಂಕ ಕೊಡುವುದಿಲ್ಲ. ಪಾಸು ಇಲ್ಲವೇ ಫೇಲು ಅಷ್ಟೇ. ಅಭ್ಯರ್ಥಿಗಳನ್ನು ಬೇರ್ಪಡಿಸುತ್ತಿದ್ದ ಒಂದು ಅಂಕಿ ಹೀಗೆ ಹೋದಮೇಲೆ, ಅರ್ಜಿಯ ಉಳಿದ ಭಾಗಗಳ ಮೇಲೆ ಕಣ್ಣು ಹೆಚ್ಚು ಬೀಳುವುದು ಸಹಜ.

ಹೆಚ್ಚಿನವರು ಎಡವುವುದು ಮೊದಲ ಪ್ಯಾರಾದಲ್ಲೇ. ಚಿಕ್ಕಂದಿನಲ್ಲಿ ಅಜ್ಜನಿಗೆ ಹೃದಯಾಘಾತವಾಯಿತು, ಬಿಳಿ ಕೋಟು ತೊಟ್ಟ ವೈದ್ಯರು ದೇವರಂತೆ ಕಂಡರು, ಅಂದೇ ವೈದ್ಯನಾಗಲು ನಿರ್ಧರಿಸಿದೆ. ಇದು ನಿಜವೇ ಇರಬಹುದು. ಆದರೆ ಈ ಕಥೆ ವೈದ್ಯನಾಗುವ ಆಸೆಗೆ ಕಾರಣ ಕೊಡುತ್ತದೆಯೇ ಹೊರತು, ಇಂಟರ್ನಲ್ ಮೆಡಿಸಿನ್ ಅನ್ನೋ ಸರ್ಜರಿಯನ್ನೋ ಆರಿಸಿಕೊಂಡದ್ದಕ್ಕೆ ಕೊಡುವುದಿಲ್ಲ. ಜೊತೆಗೆ ಆ ಕಥೆಯಲ್ಲಿ ಕೆಲಸ ಮಾಡಿದವರು ಬೇರೆ ವೈದ್ಯರು. ಓದುವವರಿಗೆ ಬೇಕಾದದ್ದು ರೋಗಿಯ ಮುಂದೆ ನಿಂತಾಗ ಈ ಅಭ್ಯರ್ಥಿ ಏನನ್ನು ಗಮನಿಸುತ್ತಾನೆ, ಹೇಗೆ ಯೋಚಿಸುತ್ತಾನೆ ಎಂಬುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಜಿಲ್ಲಾಸ್ಪತ್ರೆಯೊಂದರಲ್ಲಿ ಹೌಸ್ ಸರ್ಜನ್ ಆಗಿದ್ದ ಯುವತಿ ಇಂಟರ್ನಲ್ ಮೆಡಿಸಿನ್‌ಗೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಮೊದಲ ಕರಡಿನಲ್ಲಿ ಹೀಗಿದೆ: ‘ಹೌಸ್ ಸರ್ಜನ್ಸಿಯಲ್ಲಿ ಅನೇಕ ಸಕ್ಕರೆ ಕಾಯಿಲೆ ರೋಗಿಗಳನ್ನು ನೋಡಿದೆ. ಸಹಾನುಭೂತಿಯ ಮಹತ್ವ ಅರಿತೆ. ಸವಾಲುಗಳನ್ನು ಎದುರಿಸುವುದು ನನಗೆ ಇಷ್ಟ.’ ಇದರಲ್ಲಿ ಸುಳ್ಳಿಲ್ಲ, ಆದರೆ ಈ ಮೂರು ವಾಕ್ಯಗಳನ್ನು ಯಾವ ಅಭ್ಯರ್ಥಿಯಾದರೂ ಬರೆಯಬಹುದು.

ಆ ‘ಅನೇಕ ರೋಗಿಗಳಲ್ಲಿ’ ಮನಸ್ಸಿನಲ್ಲಿ ಉಳಿದವರು ಯಾರೆಂದು ಕೇಳಿದರೆ ಅವಳಿಗೆ ಒಬ್ಬ ತಾಯಿ ನೆನಪಾಗುತ್ತಾರೆ. ಕೂಲಿ ಕೆಲಸದ ಹೆಂಗಸು, ಕೆಲವು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ಸಕ್ಕರೆ ಒಮ್ಮೆ ಏರುತ್ತಿತ್ತು, ಮತ್ತೊಮ್ಮೆ ಪೂರ್ತಿ ಇಳಿದು ಬೆವರಿ ಬವಳಿ ಬರುತ್ತಿತ್ತು. ಪ್ರತಿ ಸಲ ದಾಖಲಾದಾಗಲೂ ಕೇಸ್ ಶೀಟಿನಲ್ಲಿ ‘ಪಥ್ಯ ಮಾಡುತ್ತಿಲ್ಲ’ ಎಂದು ಬರೆದು ಡೋಸು ಏರಿಸಲಾಗಿತ್ತು. ರೌಂಡ್ಸ್ ಮುಗಿದ ಮೇಲೆ ಹೌಸ್ ಸರ್ಜನ್ ಹಾಸಿಗೆಯ ಪಕ್ಕ ಕುಳಿತು, ‘ಇಂಜೆಕ್ಷನ್ ಹೇಗೆ ತಗೋತೀರಿ, ಒಂದ್ಸಲ ತೋರಿಸಿಯಮ್ಮ’ ಎಂದಳು. ಆ ತಾಯಿ ಹೊಕ್ಕುಳಿನ ಬಲಕ್ಕೆ ಒಂದೇ ಜಾಗ ತೋರಿಸಿ, ‘ಇಲ್ಲಿ ಚುಚ್ಚಿದ್ರೆ ನೋವಾಗಲ್ಲಮ್ಮ’ ಎಂದರು. ಮುಟ್ಟಿ ನೋಡಿದರೆ ಚರ್ಮದಡಿ ರಬ್ಬರಿನಂಥ ಗಂಟು.

ವೈದ್ಯಕೀಯದಲ್ಲಿ ಇದಕ್ಕೆ ಲೈಪೋಹೈಪರ್‌ಟ್ರೋಫಿ ಎನ್ನುತ್ತಾರೆ. ಒಂದೇ ಜಾಗಕ್ಕೆ ದಿನವೂ ಇನ್ಸುಲಿನ್ ಚುಚ್ಚಿದರೆ, ಅದರಲ್ಲೂ ಹಳೆಯ ಸೂಜಿಯನ್ನೇ ಬಳಸುತ್ತಿದ್ದರೆ, ಅಲ್ಲಿ ಕೊಬ್ಬು ಗಟ್ಟಿಯಾಗಿ ಬೆಳೆಯುತ್ತದೆ. ಆ ಗಂಟಿನೊಳಗೆ ಹೋದ ಇನ್ಸುಲಿನ್ ರಕ್ತಕ್ಕೆ ಯಾವಾಗ, ಎಷ್ಟು ಸೇರುತ್ತದೆಂದು ಹೇಳಲಾಗದು. ನೋವಾಗದಿರುವುದರಿಂದ ರೋಗಿ ಅದೇ ಜಾಗವನ್ನು ಇಷ್ಟಪಡುತ್ತಾರೆ. ಇಲ್ಲಿ ಇನ್ನೊಂದು ಅಪಾಯವೂ ಇದೆ: ಜಾಗ ಬದಲಿಸಿದ ಕೂಡಲೇ ಔಷಧ ಚೆನ್ನಾಗಿ ಹೀರಿಕೊಳ್ಳುವುದರಿಂದ, ಏರಿಸಿದ್ದ ಡೋಸಿನಲ್ಲೇ ಮುಂದುವರಿದರೆ ಸಕ್ಕರೆ ಕುಸಿಯಬಹುದು. ಆದ್ದರಿಂದ ಡೋಸು ತಗ್ಗಿಸಿ, ಪದೇ ಪದೇ ರಕ್ತ ಪರೀಕ್ಷಿಸಬೇಕು.

ಈಗ ಅವಳ ಪ್ಯಾರಾ ಹೀಗಾಗುತ್ತದೆ: ‘ಗಂಟನ್ನು ಯುನಿಟ್ಟಿನ ಹಿರಿಯ ವೈದ್ಯರಿಗೆ ತೋರಿಸಿದೆ. ಅವರು ಡೋಸು ತಗ್ಗಿಸಿದರು. ಹೊಟ್ಟೆ, ತೊಡೆಗಳಲ್ಲಿ ಜಾಗ ಬದಲಿಸುತ್ತ ಚುಚ್ಚುವುದನ್ನು ನಾನು ಆ ತಾಯಿಗೆ ಹೇಳಿಕೊಟ್ಟೆ. ಮರುದಿನ ಅವರೇ ಮಾಡಿ ತೋರಿಸುವವರೆಗೆ ಬಿಡಲಿಲ್ಲ. ಅಂದಿನಿಂದ ಇನ್ಸುಲಿನ್ ತೆಗೆದುಕೊಳ್ಳುವ ಯಾರೇ ಬಂದರೂ ಮೊದಲು ಚುಚ್ಚುವ ಜಾಗ ಮುಟ್ಟಿ ನೋಡುತ್ತೇನೆ. ಪಥ್ಯ ಮಾಡುತ್ತಿಲ್ಲ ಎಂದು ಬರೆಯುವ ಮುನ್ನ ಕಾರಣ ಹುಡುಕುವ ಈ ಕೆಲಸವೇ ನನ್ನನ್ನು ಇಂಟರ್ನಲ್ ಮೆಡಿಸಿನ್‌ಗೆ ಎಳೆದದ್ದು.’

ಸಹಾನುಭೂತಿ ಎಂಬ ಪದ ಇಲ್ಲಿ ಬಂದೇ ಇಲ್ಲ, ಬರುವ ಅಗತ್ಯವೂ ಇಲ್ಲ. ಡೋಸು ತಗ್ಗಿಸಿದ್ದು ಹಿರಿಯರು ಎಂಬುದನ್ನು ಅವಳು ಮುಚ್ಚಿಟ್ಟಿಲ್ಲ ಎಂಬುದನ್ನೂ ಗಮನಿಸಬೇಕು. ಹೌಸ್ ಸರ್ಜನ್ ಒಬ್ಬಳೇ ರೋಗಿಯನ್ನು ಉಳಿಸಿದಳೆಂದು ಬರೆದಿದ್ದರೆ, ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಯಾರೂ ನಂಬುತ್ತಿರಲಿಲ್ಲ. ಇದೇ ಅನುಭವವನ್ನು ಎಮರ್ಜೆನ್ಸಿ ಮೆಡಿಸಿನ್‌ನ ಅರ್ಜಿಯಲ್ಲಿ ಹಾಕಿದರೆ ಹೊಂದುವುದಿಲ್ಲ. ಅಲ್ಲಿ ನಿಮಿಷಗಳಲ್ಲಿ ತೆಗೆದುಕೊಂಡ ನಿರ್ಧಾರದ ಕಥೆ ಬೇಕು. ಎರಡು ವಿಭಾಗಗಳಿಗೆ ಅರ್ಜಿ ಹಾಕುವವರು ಎರಡು ಬರಹಗಳನ್ನು ಸಿದ್ಧಮಾಡಿ, ಯಾವುದು ಎಲ್ಲಿಗೆ ಹೋಗಬೇಕೆಂದು ಇರಾಸ್‌ನಲ್ಲೇ ಗೊತ್ತುಪಡಿಸಬಹುದು. ಈ ಜೋಡಣೆ ಅದಲುಬದಲಾದರೆ ಆ ಅರ್ಜಿ ಕೆಟ್ಟಿತೆಂದೇ ಲೆಕ್ಕ.

ರೋಗಿಯ ಗುಟ್ಟು ಕಾಯುವುದು ಇಲ್ಲಿಯೂ ವೈದ್ಯರ ಕರ್ತವ್ಯ. ಹೆಸರು, ಊರು, ದಾಖಲಾದ ದಿನ ಯಾವುದೂ ಬೇಡ. ಸಣ್ಣ ಊರಿನಲ್ಲಿ ಅಪರೂಪದ ಕಾಯಿಲೆಯ ಹೆಸರೊಂದೇ ಸಾಕು, ರೋಗಿ ಯಾರೆಂದು ತಿಳಿದುಬಿಡುತ್ತದೆ.

ಬರೆದದ್ದಕ್ಕೆಲ್ಲ ಸಂದರ್ಶನದಲ್ಲಿ ಉತ್ತರ ಹೇಳಬೇಕಾದೀತು. ಗಂಟು ಎಷ್ಟು ದೊಡ್ಡದಿತ್ತು, ಡೋಸು ತಗ್ಗಿಸಿದ್ದೇಕೆ, ಆ ತಾಯಿಗೆ ಮುಂದೇನಾಯಿತು? ನಿಜವಾಗಿ ಕಂಡವಳು ತಡವರಿಸದೆ ಹೇಳುತ್ತಾಳೆ. ಗೆಳತಿಯ ಬರಹದಿಂದ ಕಥೆ ಎತ್ತಿದವಳಿಗೆ ಎರಡನೆಯ ಪ್ರಶ್ನೆಗೇ ಮಾತು ನಿಂತುಹೋಗುತ್ತದೆ.

ಎತ್ತುವವರು ಇದ್ದಾರೆ ಎನ್ನುವುದಕ್ಕೆ ದಾಖಲೆಯಿದೆ. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ರೆಸಿಡೆನ್ಸಿಗೆ ಬಂದ 4,975 ಬರಹಗಳನ್ನು ಸಂಶೋಧಕರು ತಂತ್ರಾಂಶದಿಂದ ಹೋಲಿಸಿ ನೋಡಿ, 2010ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 5.2ರಷ್ಟರಲ್ಲಿ ಕೃತಿಚೌರ್ಯದ ಗುರುತು ಸಿಕ್ಕಿತ್ತು. ಹೊರದೇಶಗಳಲ್ಲಿ ಓದಿ ಬಂದವರಲ್ಲಿ ಅದು ಹೆಚ್ಚಿತ್ತು. ನಮ್ಮ ಮಕ್ಕಳಲ್ಲಿ ಹಲವರು ಇಂಗ್ಲಿಷ್ ಸಾಲದೆಂಬ ಅಂಜಿಕೆಯಿಂದ ಬೇರೆಯವರ ಸಾಲುಗಳಿಗೆ ಕೈಹಾಕುತ್ತಾರೆ. ಅಂಥವರು ಹೆದರಬೇಕಾದದ್ದು ಸರಳ ಇಂಗ್ಲಿಷಿಗಲ್ಲ, ಸಾಲ ತಂದ ಇಂಗ್ಲಿಷಿಗೆ.

ಅರ್ಜಿಗಳು ಆಸ್ಪತ್ರೆಗಳ ಕೈಸೇರುವುದು ಸೆಪ್ಟೆಂಬರ್ ಕೊನೆಗೆ, ಸೀಟು ಸಿಕ್ಕಿತೇ ಎಂದು ತಿಳಿಯುವುದು ಮಾರ್ಚ್ ತಿಂಗಳ ಮೂರನೆಯ ವಾರದಲ್ಲಿ. ಆದರೆ ಆ ಪುಟಕ್ಕೆ ಬೇಕಾದ ಸಾಮಗ್ರಿ ಸಿಗುವುದು ಹೌಸ್ ಸರ್ಜನ್ಸಿಯ ವರ್ಷದಲ್ಲಿ, ಡ್ಯೂಟಿಯ ನಡುವೆ. ಈಗ ವಾರ್ಡುಗಳಲ್ಲಿರುವವರು ರೋಗಿಯ ಹೆಸರು ಬಿಟ್ಟು, ಕಂಡದ್ದನ್ನೂ ತಾವು ಮಾಡಿದ್ದನ್ನೂ ಅಂದಂದೇ ನಾಲ್ಕು ಸಾಲು ಬರೆದಿಟ್ಟುಕೊಳ್ಳಲಿ.