ಒಂದೇ ಹೆಸರಿನ ಎರಡು ಬಿಲ್

ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ಅಡ್ವಾನ್ಸ್ ಹಣಕ್ಕಾಗಿ ಓನರ್ ಜೊತೆ ಹಗ್ಗಜಗ್ಗಾಟ ಬೆಂಗಳೂರಿನವರಿಗೆ ಹೊಸದಲ್ಲ. ಪೇಂಟಿಂಗ್‌ಗೆ ಇಷ್ಟು, ನಲ್ಲಿ ರಿಪೇರಿಗೆ ಇಷ್ಟು ಎಂದು ಮುರಿದುಕೊಳ್ಳುವ ಲೆಕ್ಕ ಈಗ ಇಮೇಲ್‌ನಲ್ಲೇ ಬರುತ್ತದೆ. ಮಾತು ಮುರಿದು ವಕೀಲರ ಬಳಿ ಹೋದರೆ, ನಡೆದ ಪತ್ರವ್ಯವಹಾರವನ್ನೆಲ್ಲ ಒಂದೇ ಪಿಡಿಎಫ್ ಮಾಡಿ, ಜೊತೆಗೆ ಕಳಿಸಿದ ಫೈಲುಗಳ ಪಟ್ಟಿಯನ್ನೂ ಸೇರಿಸಿ ಕೊಡಿ ಎನ್ನುತ್ತಾರೆ. ಐದು ನಿಮಿಷದ ಕೆಲಸದಂತೆ ಕಾಣುತ್ತದೆ. ಆದರೆ ಎಡವುವುದು ಆ ಪಟ್ಟಿಯಲ್ಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಡ್ವಾನ್ಸ್ 1,50,000 ರೂಪಾಯಿ. ಬಾಡಿಗೆದಾರರು, ಓನರ್ ನಡುವೆ ಜಿಮೇಲ್‌ನಲ್ಲಿ ಏಳು ಮೇಲ್‌ಗಳು. ಮೊದಲ ಮೇಲ್‌ನಲ್ಲಿ ಕರಾರು ಪತ್ರದ ಸ್ಕ್ಯಾನ್ ಪ್ರತಿ, ಮೂರನೆಯದರಲ್ಲಿ ಗೋಡೆಗಳ ಫೋಟೊ. ನಾಲ್ಕನೆಯದರಲ್ಲಿ ಓನರ್ ಕಳಿಸಿದ bill.pdf ಎಂಬ ಪೇಂಟಿಂಗ್ ಬಿಲ್, ಮೊತ್ತ 12,000 ರೂಪಾಯಿ. ಆರನೆಯದರಲ್ಲಿ ಮತ್ತೆ bill.pdf. ಹೆಸರು ಅದೇ, ಒಳಗಿನ ಮೊತ್ತ ಮಾತ್ರ 18,500 ರೂಪಾಯಿ.

ಕಂಪ್ಯೂಟರಿನಲ್ಲಿ ಆ ಸಂಭಾಷಣೆ ತೆರೆದರೆ ವಿಷಯದ ಸಾಲಿನ ಬಲತುದಿಯಲ್ಲಿ ಪ್ರಿಂಟರ್ ಚಿಹ್ನೆ ಇರುತ್ತದೆ. ಅದೇ Print all. ಪ್ರಿಂಟ್ ಕಿಟಕಿಯಲ್ಲಿ ಪ್ರಿಂಟರಿನ ಬದಲು Save as PDF ಆರಿಸಬೇಕು. ಕ್ರೋಮ್‌ನಲ್ಲಾದರೆ More settings ಒಳಗೆ Headers and footers ಎಂಬುದನ್ನೂ ಟಿಕ್ ಮಾಡಿಕೊಳ್ಳಿ. ಆಗ ಪ್ರತಿ ಪುಟಕ್ಕೂ ತಾರೀಖು ಮತ್ತು ಪುಟಸಂಖ್ಯೆ ಬೀಳುತ್ತದೆ. ಮುಂದೆ ಇಂಥ ಪುಟ ನೋಡಿ ಎಂದು ತೋರಿಸಲು ಅದು ಬೇಕೇ ಬೇಕು. ಹೀಗೆ ಬಂದ ಪಿಡಿಎಫ್‌ನಲ್ಲಿ ಮೇಲ್‌ಗಳು ಹಳೆಯದರಿಂದ ಹೊಸದರ ಕಡೆಗೆ ಸಾಲಾಗಿ ಇರುತ್ತವೆ. ಫೈಲುಗಳನ್ನು ಲಗತ್ತಿಸಿದ ಮೇಲ್‌ನ ಕೆಳಗೆ ಅವುಗಳ ಹೆಸರು ಮತ್ತು ಗಾತ್ರ ಇರುತ್ತದೆ.

ಅಲ್ಲಿರುವುದು ಹೆಸರು ಮಾತ್ರ, ಫೈಲಲ್ಲ. ನಮ್ಮ ಉದಾಹರಣೆಯಲ್ಲಿ bill.pdf ಎಂದು ಎರಡು ಕಡೆ ಕಾಣುತ್ತದೆ, ಯಾವುದರೊಳಗೆ ಎಷ್ಟು ಮೊತ್ತವಿದೆ ಎಂದು ತಿಳಿಯುವುದಿಲ್ಲ. ಇನ್ನೂ ತೊಡಕೆಂದರೆ, ಎರಡನ್ನೂ ಒಂದೇ ಫೋಲ್ಡರಿಗೆ ಇಳಿಸಿಕೊಂಡಾಗ ಬ್ರೌಸರ್ ಎರಡನೆಯದಕ್ಕೆ ತಾನೇ bill (1).pdf ಎಂದು ಹೆಸರಿಡುತ್ತದೆ. ಆರನೇ ಮೇಲ್‌ನ ಬಿಲ್ಲನ್ನು ಮೊದಲು ಇಳಿಸಿಕೊಂಡಿದ್ದರೆ ಅದೇ bill.pdf ಆಗಿ, ಹಳೆಯ ಬಿಲ್ಲಿಗೆ (1) ಅಂಟಿಕೊಳ್ಳುತ್ತದೆ. ಆರು ತಿಂಗಳ ನಂತರ ಯಾವುದು ಮೊದಲ ಬಿಲ್, ಯಾವುದು ಏರಿಸಿದ ಬಿಲ್ ಎಂದು ಹೆಸರು ನೋಡಿ ಹೇಳಲಾಗದು. ಇಡೀ ವ್ಯಾಜ್ಯ ನಿಂತಿರುವುದೇ ಆ 6,500 ರೂಪಾಯಿಯ ವ್ಯತ್ಯಾಸದ ಮೇಲೆ.

ಆದ್ದರಿಂದ ಪಟ್ಟಿಯನ್ನು ಕೈಯಾರೆ ಮಾಡುವುದೇ ಸರಿ. ಮೇಲ್‌ಗಳಿಗೆ ಒಂದರಿಂದ ಏಳರವರೆಗೆ ಸಂಖ್ಯೆ ಕೊಡಿ. ಪ್ರತಿ ಫೈಲಿಗೆ ಒಂದು ಸಾಲು: ಎಷ್ಟನೇ ಮೇಲ್, ಯಾರಿಂದ, ಯಾವ ದಿನ ಎಷ್ಟು ಹೊತ್ತಿಗೆ, ಮೇಲ್‌ನಲ್ಲಿದ್ದ ಹೆಸರು, ಗಾತ್ರ, ಒಳಗೇನಿದೆ. ‘4ನೇ ಮೇಲ್, ಓನರ್‌ನಿಂದ, bill.pdf, ಒಂದು ಪುಟದ ಪೇಂಟಿಂಗ್ ಬಿಲ್, 12,000 ರೂ., ಇಳಿಸಿಕೊಂಡ ಪ್ರತಿಯ ಹೆಸರು 04-bill.pdf’ ಎಂಬಷ್ಟು ಸ್ಪಷ್ಟವಾಗಿರಲಿ. ಇಳಿಸಿಕೊಂಡ ಪ್ರತಿಗೆ ಮೇಲ್‌ನ ಸಂಖ್ಯೆಯನ್ನು ಮುಂದೆ ಸೇರಿಸಿದರೆ ಗೊಂದಲ ಅಲ್ಲೇ ಮುಗಿಯಿತು. ಹೊರದೇಶದಲ್ಲಿ ಕುಳಿತು ಪ್ರಿಂಟ್ ತೆಗೆಯುವವರು ಒಂದು ಮಾತು ನೆನಪಿಡಬೇಕು: ಮೇಲ್‌ನ ಸಮಯ ನೋಡುವವರ ಊರಿನ ಗಡಿಯಾರಕ್ಕೆ ಹೊಂದಿಕೊಂಡು ಕಾಣುತ್ತದೆ. ಪಟ್ಟಿಯಲ್ಲಿ ‘ಭಾರತೀಯ ಕಾಲಮಾನ’ ಎಂದು ಬರೆದು ಅದರಂತೆ ತಿದ್ದಿಕೊಳ್ಳಿ.

ಹೆಸರು ಬದಲಾದರೂ ಫೈಲ್ ಅದೇ ಎಂದು ತೋರಿಸಲು ಇನ್ನೊಂದು ದಾರಿಯಿದೆ, ಅದು ಹ್ಯಾಶ್. ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರ್ ಕೊಡುವ ಈ ಸಂಖ್ಯೆ ಒಂದು ಬಗೆಯ ಬೆರಳಚ್ಚು. ಹೆಸರು ಬದಲಿಸಿದರೆ ಅದು ಬದಲಾಗುವುದಿಲ್ಲ, ಒಳಗೆ ಒಂದು ಅಂಕಿ ತಿದ್ದಿದರೂ ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಫೈಲ್ ಇರುವ ಫೋಲ್ಡರಿಗೆ ಹೋಗಿ ಹೀಗೆ ಟೈಪ್ ಮಾಡಿ:

```
certutil -hashfile 04-bill.pdf SHA256
```

ಬರುವ 64 ಅಕ್ಷರಗಳನ್ನು ಕಾಪಿ ಮಾಡಿ ಪಟ್ಟಿಯ ಅದೇ ಸಾಲಿಗೆ ಅಂಟಿಸಿ. ಮೇಲ್‌ನಿಂದ ನೇರವಾಗಿ ಇಳಿಸಿಕೊಂಡ ಪ್ರತಿಗೇ ಹ್ಯಾಶ್ ತೆಗೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿ ಮರಳಿ ಪಡೆದ ಚಿತ್ರವನ್ನು ಅದು ಕುಗ್ಗಿಸಿರುತ್ತದೆ. ಕಣ್ಣಿಗೆ ಒಂದೇ ಥರ ಕಂಡರೂ ಹ್ಯಾಶ್ ತಾಳೆಯಾಗುವುದಿಲ್ಲ.

ಇದು ಅತಿಯಾಯಿತು ಎನಿಸಬಹುದು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಮೇಲ್‌ನಂಥ ಡಿಜಿಟಲ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಒಂದು ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲೇ ಹ್ಯಾಶ್ ಸಂಖ್ಯೆಗೆ ಜಾಗವಿದೆ. ನಮೂನೆಯ ಒಂದು ಭಾಗವನ್ನು ದಾಖಲೆ ಕೊಡುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು. ಅಷ್ಟು ದೂರ ಹೋಗದೆ ಇತ್ಯರ್ಥವಾಗುವ ಜಗಳಗಳೇ ಹೆಚ್ಚು ಎಂಬುದೇನೋ ನಿಜ. ಹೋಗಬೇಕಾಗಿ ಬಂದರೆ ಮಾತ್ರ, ಆರಂಭದಲ್ಲೇ ತೆಗೆದಿಟ್ಟ ಹ್ಯಾಶ್‌ಗೆ ಇರುವ ಬೆಲೆ ಆಮೇಲೆ ತೆಗೆದದ್ದಕ್ಕೆ ಇರುವುದಿಲ್ಲ.

ಇನ್ನು, ಪ್ರಿಂಟ್‌ನಲ್ಲಿ ಬಿಟ್ಟುಹೋಗುವುದನ್ನು ಹುಡುಕಬೇಕು. ಪಿಡಿಎಫ್ ಓದುತ್ತಾ ಹೋದರೆ Quoted text hidden ಎಂಬ ಸಾಲು ಅಲ್ಲಲ್ಲಿ ಸಿಗುತ್ತದೆ. ಹಿಂದಿನ ಮೇಲ್‌ನ ಪುನರಾವರ್ತನೆಯನ್ನು ಜಿಮೇಲ್ ಅಲ್ಲಿ ಅಡಗಿಸಿದೆ ಎಂದರ್ಥ. ಸಾಮಾನ್ಯವಾಗಿ ಇದರಿಂದ ನಷ್ಟವಿಲ್ಲ. ಆದರೆ ಕೆಲವರು ಉತ್ತರವನ್ನು ಮೇಲೆ ಬರೆಯದೆ, ಹಳೆಯ ಮೇಲ್‌ನ ಪ್ರತಿ ಪ್ರಶ್ನೆಯ ಕೆಳಗೆ ಸೇರಿಸಿರುತ್ತಾರೆ. ಹಾಗಿದ್ದರೆ ಆ ಮೇಲ್ ಒಂದನ್ನೇ ತೆರೆದು, ಮೂರು ಚುಕ್ಕಿಯ ಮೆನುವಿನಿಂದ Print ಒತ್ತಿ ಪ್ರತ್ಯೇಕ ಪುಟ ತೆಗೆದು ಅಡಗಿದ್ದದ್ದು ಬಂದಿದೆಯೇ ನೋಡಿಕೊಳ್ಳಬೇಕು.

ಲಗತ್ತಿನ ಪಟ್ಟಿಯಲ್ಲಿ ಕಾಣದೆ ಹೋಗುವಂಥವೂ ಇವೆ. ಮೇಲ್‌ನ ಬರಹದ ನಡುವೆಯೇ ಅಂಟಿಸಿದ ಚಿತ್ರಗಳು ಹಾಗೆ. ಡ್ರೈವ್ ಲಿಂಕ್ ಇನ್ನೂ ಅಪಾಯದ್ದು. 25 ಎಂಬಿ ಮೀರಿದ ಫೈಲನ್ನು ಜಿಮೇಲ್ ಲಗತ್ತಿಸುವುದಿಲ್ಲ, ಡ್ರೈವ್‌ಗೆ ಹಾಕಿ ಲಿಂಕ್ ಕೊಡುತ್ತದೆ. ಆ ಕಡೆಯವರು ನಾಳೆ ಫೈಲನ್ನು ಬದಲಿಸಬಹುದು, ಅಳಿಸಲೂಬಹುದು. ನಿಮ್ಮ ಪಿಡಿಎಫ್‌ನಲ್ಲಿ ಉಳಿಯುವುದು ಸತ್ತ ವಿಳಾಸ. ಗೋಡೆಯ ವಿಡಿಯೊ ಹೀಗೆ ಬಂದಿದ್ದರೆ ಇಂದೇ ಇಳಿಸಿಕೊಂಡು, ಇಳಿಸಿಕೊಂಡ ದಿನಾಂಕದೊಂದಿಗೆ ಪಟ್ಟಿಗೆ ಸೇರಿಸಿ. ಮಧ್ಯೆ ಯಾರಾದರೂ ವಿಷಯದ ಸಾಲು ಬದಲಿಸಿದ್ದರೆ ಆ ಮೇಲ್ ಬೇರೆ ಸಂಭಾಷಣೆಯಾಗಿ ಕೂತಿರುತ್ತದೆ. ಓನರ್ ವಿಳಾಸದ ಜೊತೆ has:attachment ಎಂದು ಟೈಪ್ ಮಾಡಿ ಹುಡುಕಿದರೆ ಅಟ್ಯಾಚ್‌ಮೆಂಟ್ ಇರುವಂಥವು ಸಿಗುತ್ತವೆ.

ಪಟ್ಟಿಯನ್ನೂ ಪಿಡಿಎಫ್ ಮಾಡಿ ಮೇಲ್‌ಗಳ ಮುಂದೆ ಜೋಡಿಸಿದರೆ ದಾಖಲೆ ಒಂದಾಯಿತು. ಜೋಡಿಸಲು PDFsam Basic ನಂಥ, ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವ ಉಚಿತ ತಂತ್ರಾಂಶ ಸಾಕು. ಬ್ಯಾಂಕ್ ಖಾತೆ, ಸಹಿ ಇರುವ ಕಾಗದಗಳನ್ನು ಯಾವುದೋ ವೆಬ್‌ಸೈಟಿಗೆ ಏರಿಸುವುದು ಬೇಡ. ಮೂಲ ಫೈಲುಗಳನ್ನೂ ಪಿಡಿಎಫ್‌ನ ಒಳಗೇ ಹುದುಗಿಸಬಹುದು, ಆದರೆ ಮೊಬೈಲಿನ ಅನೇಕ ಆ್ಯಪ್‌ಗಳು ಅವನ್ನು ತೋರಿಸುವುದೇ ಇಲ್ಲ. ಪಕ್ಕದಲ್ಲೊಂದು ಫೋಲ್ಡರ್ ಇಡುವುದೇ ವಾಸಿ.

ಆ ಫೋಲ್ಡರಿಗೆ ಏಳು ಮೇಲ್‌ಗಳನ್ನೂ ಒಂದೊಂದಾಗಿ Download message ಒತ್ತಿ ಇಳಿಸಿ ಹಾಕಿ. ಹೀಗೆ ಬರುವ .eml ಫೈಲಿನಲ್ಲಿ ಮೇಲ್ ಸಾಗಿಬಂದ ದಾರಿಯ ವಿವರ ಮತ್ತು ಲಗತ್ತಿಸಿದ ಫೈಲು ಎರಡೂ ಇರುತ್ತವೆ, ಪಿಡಿಎಫ್‌ನಲ್ಲಿ ಇರುವುದಿಲ್ಲ. ಪಿಡಿಎಫ್ ಸಿದ್ಧವಾಯಿತೆಂದು ಜಿಮೇಲ್‌ನಲ್ಲಿರುವ ಮೂಲವನ್ನು ಮಾತ್ರ ದಯವಿಟ್ಟು ಅಳಿಸಬೇಡಿ.