ಸೋಮವಾರದ ಜ್ವರ

ರಜಾ ಚೀಟಿಯಲ್ಲಿ ‘ಜ್ವರ’ ಎಂದು ಬರೆದುಬಿಟ್ಟರೆ ಮಗುವಿನ ಮರ್ಯಾದೆ ಉಳಿಯುತ್ತದೆ, ಮಾತೂ ಅಲ್ಲಿಗೇ ಮುಗಿಯುತ್ತದೆ. ತರೀಕೆರೆ, ಕಡೂರು, ಅಜ್ಜಂಪುರದ ಕಡೆಯ ಅಪ್ಪ ಅಮ್ಮಂದಿರಲ್ಲಿ ಇಷ್ಟು ಗಟ್ಟಿಯಾಗಿ ಬೇರು ಬಿಟ್ಟ ನಂಬಿಕೆ ಇನ್ನೊಂದಿರಲಾರದು. ಶಾಲೆಯ ಬಸ್ಸಿನ ಹಾರ್ನ್ ಕೇಳಿದರೆ ಎದೆ ಡವಡವ ಎನ್ನುವ, ತಿಂದ ತಿಂಡಿಯೆಲ್ಲ ವಾಂತಿಯಾಗುವ ಮಗುವಿಗೂ ಜ್ವರವೇ. ನಿಜ ಹೇಳಿದರೆ ‘ಮೆಂಟಲ್’ ಎಂಬ ಹಣೆಪಟ್ಟಿ ಬೀಳುತ್ತದೆ ಎಂಬ ಭಯ ನನಗೆ ಅರ್ಥವಾಗುತ್ತದೆ. ಆದರೆ ಜ್ವರದ ಚೀಟಿ ಆ ಹಣೆಪಟ್ಟಿಯನ್ನು ತಪ್ಪಿಸುತ್ತದೆ ಎಂಬುದನ್ನು ಮಾತ್ರ ನಾನು ಒಪ್ಪಲಾರೆ.

ಮೇಷ್ಟ್ರು ತಮಗೆ ಗೊತ್ತಾದದ್ದಕ್ಕೆ ತಕ್ಕಂತೆ ತಾನೇ ನಡೆದುಕೊಳ್ಳುವುದು? ಜ್ವರ ಎಂದರೆ ಅವರು ಹೇಳುವುದು ಒಂದೇ: ಪೂರ್ತಿ ವಾಸಿಯಾಗಲಿ, ಆಮೇಲೆ ಕಳಿಸಿ. ಜ್ವರಕ್ಕೆ ಅದು ಸರಿ. ಶಾಲೆಯ ಆತಂಕಕ್ಕೆ ಅದೇ ವಿಷ. ಬೆಳಿಗ್ಗೆ ಎಂಟಕ್ಕೆ ಹೊರಳಾಡುವಷ್ಟು ಇದ್ದ ಹೊಟ್ಟೆನೋವು, ‘ಇವತ್ತು ಬೇಡ ಬಿಡು’ ಎಂದ ಮೇಲೆ ಹತ್ತು ಗಂಟೆಯೊಳಗೆ ಮಾಯವಾಗುತ್ತದೆ. ನೋವು ಸುಳ್ಳಲ್ಲ, ಹೆದರಿದ ದೇಹ ನಿಜವಾಗಿಯೇ ಹೊಟ್ಟೆ ಹಿಂಡುತ್ತದೆ. ಆದರೆ ಮನೆಯಲ್ಲಿ ಉಳಿದರೆ ನೆಮ್ಮದಿ ಎಂಬುದನ್ನು ಆ ದೇಹ ಅವತ್ತು ಕಲಿತುಕೊಳ್ಳುತ್ತದೆ, ಮರುದಿನ ಹೊಸಿಲು ದಾಟುವುದು ಇನ್ನೂ ಕಷ್ಟವಾಗುತ್ತದೆ. ಅದಕ್ಕೇ ವೈದ್ಯರು ಇಂಥ ಮಕ್ಕಳನ್ನು ಸ್ವಲ್ಪಸ್ವಲ್ಪವಾಗಿ, ಆದರೆ ಬೇಗ, ಶಾಲೆಗೆ ಮರಳಿಸಲು ನೋಡುತ್ತಾರೆ. ಆ ಕೆಲಸಕ್ಕೆ ತರಗತಿಯ ಮೇಷ್ಟ್ರು ಬೇಕೇ ಬೇಕು. ಜ್ವರದ ಚೀಟಿ ದೂರವಿಡುವುದು ಅವರನ್ನೇ.

ಇನ್ನು ಗುಟ್ಟು ಉಳಿಯುತ್ತದೆಯೇ? ಹಾಜರಿ ಪುಸ್ತಕ ತುಂಬುವವರಿಗೂ ಕಣ್ಣಿದೆ. ಸೋಮವಾರ ಜ್ವರ, ದಸರಾ ರಜೆ ಮುಗಿದ ಮರುದಿನ ಜ್ವರ, ಎಫ್‌ಎ ಪರೀಕ್ಷೆಯ ದಿನ ಜ್ವರ, ಶನಿವಾರ ಮಧ್ಯಾಹ್ನ ಜಾತ್ರೆಯಲ್ಲಿ ಐಸ್‌ಕ್ರೀಮ್! ಮೂರನೆಯ ಚೀಟಿಯ ಹೊತ್ತಿಗೆ ಮೇಷ್ಟ್ರು ಇದು ಕಳ್ಳಾಟ ಎಂದು ತೀರ್ಮಾನಿಸಿರುತ್ತಾರೆ. ಆಮೇಲೆ ಒಂದು ದಿನ ಇಡೀ ತರಗತಿಯ ಮುಂದೆ, ‘ಏನಮ್ಮಾ, ಜ್ವರ ಇಳೀತಾ?’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಮಗು ಹೆದರುತ್ತಿದ್ದದ್ದು ಇಂಥದಕ್ಕೇ.

ಅಮೃತಾಪುರದ ಕಡೆಯ ಒಂದು ಹಳ್ಳಿಯಲ್ಲಿ ಏಳನೆಯ ತರಗತಿ ಮುಗಿಸಿ, ಎಂಟಕ್ಕೆ ತರೀಕೆರೆಯ ಪ್ರೌಢಶಾಲೆ ಸೇರಿದ ಹುಡುಗಿಯೊಬ್ಬಳಿದ್ದಾಳೆ ಎಂದುಕೊಳ್ಳಿ. ಹೊಸ ಶಾಲೆ, ದೊಡ್ಡ ತರಗತಿ, ಬಸ್ಸಿನಲ್ಲಿ ನೂಕುನುಗ್ಗಲು. ಎದ್ದು ನಿಂತು ಇಂಗ್ಲಿಷ್ ಪಾಠ ಓದು ಎಂದರೆ ಗಂಟಲು ಕಟ್ಟುತ್ತದೆ. ಜುಲೈ ಮುಗಿಯುವುದರೊಳಗೆ ಒಂಬತ್ತು ದಿನ ಗೈರು. ಆಸ್ಪತ್ರೆಯಲ್ಲಿ ತೋರಿಸಿ ಆಗಿದೆ, ಆತಂಕ ಎಂದಿದ್ದಾರೆ. ಮನೆಯಲ್ಲಿ ಅಪ್ಪನ ಸಾಲ, ಅಜ್ಜಿಯ ಸಾವು, ಮಾವನಿಗೂ ಹಿಂದೆ ಹೀಗೇ ಆಗಿತ್ತೆಂಬ ಕಥೆ, ಎಲ್ಲವೂ ಇದೆ. ಮೇಷ್ಟ್ರಿಗೆ ಇದರಲ್ಲಿ ಎಷ್ಟು ಬೇಕು?

ಬಹಳ ಕಡಿಮೆ. ಮೊದಲು ಹುಡುಗಿಯನ್ನೇ ಕೇಳಬೇಕು: ಮಿಸ್ಸಿಗೆ ಏನು ಹೇಳಲಿ, ಏನು ಬೇಡ? ಅವಳ ಬೆನ್ನ ಹಿಂದೆ ಹೇಳಿದ್ದು ಗೊತ್ತಾದರೆ ಶಾಲೆಯ ಭಯದ ಜೊತೆಗೆ ಮನೆಯವರ ಮೇಲಿನ ನಂಬಿಕೆಯೂ ಹೋಗುತ್ತದೆ. ಆಮೇಲೆ ಚೀಟಿ. ಅದನ್ನು ಕ್ಲಾಸ್ ಲೀಡರ್ ಓದಬಹುದು, ಆಫೀಸಿನ ಫೈಲಿನಲ್ಲಿ ವರ್ಷಗಟ್ಟಲೆ ಕೂರಬಹುದು. ಹಾಗಾಗಿ ಕಾಗದದಲ್ಲಿ ಇಷ್ಟು ಸಾಕು: ‘ಮಗಳಿಗೆ ಆರೋಗ್ಯದ ಕಾರಣದಿಂದ ಈ ದಿನಗಳಲ್ಲಿ ಬರಲಾಗಲಿಲ್ಲ. ವೈದ್ಯರ ಸಲಹೆ ಪಡೆಯುತ್ತಿದ್ದೇವೆ. ಈ ಬಗ್ಗೆ ತಮ್ಮೊಂದಿಗೆ ಹತ್ತು ನಿಮಿಷ ಮಾತನಾಡಬೇಕಿದೆ.’ ಒಂದಕ್ಷರವೂ ಸುಳ್ಳಿಲ್ಲ, ಗುಟ್ಟೂ ಬಯಲಾಗಿಲ್ಲ.

ಉಳಿದದ್ದು ಮುಖಾಮುಖಿ, ಶಾಲೆ ಬಿಟ್ಟ ಮೇಲೆ, ಬಾಯಿಮಾತಿನಲ್ಲಿ. ‘ಮಿಸ್, ಅವಳಿಗೆ ಶಾಲೆಗೆ ಬರುವಾಗ ತುಂಬಾ ಭಯ ಆಗುತ್ತೆ, ಹೊಟ್ಟೆ ನೋಯುತ್ತೆ. ನಾಟಕ ಅಲ್ಲ, ಡಾಕ್ಟರಿಗೆ ತೋರಿಸ್ತಾ ಇದ್ದೀವಿ. ಎರಡು ವಾರ ಪ್ರಾರ್ಥನೆ ಮುಗಿದ ಮೇಲೆ ಬಂದರೆ ಬೈಬೇಡಿ. ಇದ್ದಕ್ಕಿದ್ದಂತೆ ಎದ್ದು ಓದು ಅನ್ನಬೇಡಿ, ಹಿಂದಿನ ದಿನವೇ ಹೇಳಿ. ತೀರಾ ಕಷ್ಟವಾದರೆ ಐದು ನಿಮಿಷ ಹೊರಗೆ ಕೂತು ಬರಲಿ. ಇದು ನಿಮಗೂ ಹೆಡ್‌ಮಾಸ್ಟರಿಗೂ ಗೊತ್ತಿದ್ದರೆ ಸಾಕು. ಹದಿನೈದು ದಿನ ಬಿಟ್ಟು ಬಂದು ಕೇಳ್ತೀನಿ.’ ಮೇಷ್ಟ್ರು ಮಾಡಬೇಕಾದ್ದೆಲ್ಲ ಇದರಲ್ಲಿದೆ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಸಾಲ, ಮಾವ ಯಾವುದೂ ಬೇಡ; ಅವು ತಿಳಿದರೆ ಅವರು ತರಗತಿಯಲ್ಲಿ ಬೇರೇನನ್ನೂ ಮಾಡುವಂತಿಲ್ಲ. ಮಾತ್ರೆಯಿಂದ ತೂಕಡಿಕೆ ಬರುತ್ತಿದ್ದರೆ ತೂಕಡಿಕೆಯ ವಿಷಯ ಹೇಳಬೇಕು. ಮಗು ತನಗೇ ಹಾನಿ ಮಾಡಿಕೊಳ್ಳುವ ಮಾತಾಡಿದ್ದರೆ ಆಗ ಸಂಕೋಚಕ್ಕೆ ಜಾಗವಿಲ್ಲ. ಭಯಕ್ಕೆ ಕಾರಣ ಶಾಲೆಯೊಳಗಿನ ಹೊಡೆತವೋ ಕಿರುಕುಳವೋ ಆಗಿದ್ದರೆ ಅದು ರಜೆಯ ಮಾತಲ್ಲ, ದೂರು. ನೇರವಾಗಿ ಮುಖ್ಯಶಿಕ್ಷಕರಲ್ಲಿಗೇ ಹೋಗಬೇಕು.

ಇದರ ತದ್ವಿರುದ್ಧ ದಿಕ್ಕಿನವರೂ ಇದ್ದಾರೆ. ಹೇಳುವುದಾದರೆ ಎಲ್ಲ ಹೇಳಿಬಿಡಬೇಕು ಎಂದು ಆಸ್ಪತ್ರೆಯ ಚೀಟಿಯ ಫೋಟೊ ತೆಗೆದು ತರಗತಿಯ ವಾಟ್ಸ್ಆ್ಯಪ್ ಗ್ರೂಪಿಗೇ ಹಾಕುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡಬೇಕೆಂದು ಕಟ್ಟುಪಾಡು ಹಾಕಿರುವುದು ಚಿಕಿತ್ಸೆ ಕೊಡುವವರಿಗೆ. ಗ್ರೂಪಿನಲ್ಲಿರುವ ಪಕ್ಕದ ಬೀದಿಯ ಅತ್ತಿಗೆಗೆ ಅಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ವಿಷಯ ಗೊತ್ತಾದರೆ ಟಿ.ಸಿ. ಕೊಟ್ಟು ಕಳಿಸುತ್ತಾರೆ ಎನ್ನುವುದು: ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹಾಜರಿ ಹೇಗಾದರೂ ಸರಿಹೋಗುತ್ತದೆ ಎನ್ನುವುದು: ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಿ ಬೇಕು, ಲೆಕ್ಕ ಮಾರ್ಚಿನಲ್ಲಿ ಹಾಕಿ ಪ್ರಯೋಜನವಿಲ್ಲ. ಎರಡೇಟು ಬಿದ್ದರೆ ಸರಿಹೋಗುತ್ತಾಳೆ ಎನ್ನುವವರಿಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ.

ನನಗೆ ಸೋಜಿಗವಾಗುವುದು ನಾವು ಯಾವುದನ್ನು ನಂಬುತ್ತೇವೆ, ಯಾವುದನ್ನು ಇಲ್ಲ ಎಂಬುದು. ಗಾಳಿ ಸೋಕಿದೆ ಎಂದರೆ ಊರೇ ನಂಬುತ್ತದೆ, ತಾಯಿತಕ್ಕೆ ದುಡ್ಡು ಹುಟ್ಟುತ್ತದೆ. ಯಾರೋ ಫಾರ್ವರ್ಡ್ ಮಾಡಿದ ಕಷಾಯವನ್ನು ಪ್ರಶ್ನೆಯಿಲ್ಲದೆ ಕುಡಿಸುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಹತ್ತಿರವೂ ನಮ್ಮ ಶುಗರ್ ಎಷ್ಟೆಂದು ಹೇಳಿಕೊಳ್ಳುತ್ತೇವೆ. ಹದಿಮೂರು ವರ್ಷದ ಮಗು ‘ನನಗೆ ಭಯ’ ಎಂದರೆ ಮಾತ್ರ ನಮಗೆ ಸಾಕ್ಷಿ ಬೇಕು! ಆ ಸಾಕ್ಷಿಗಾಗಿ ದುಡ್ಡು ಕೊಟ್ಟು ಟೈಫಾಯ್ಡ್ ಎಂದು ಸರ್ಟಿಫಿಕೇಟ್ ಬರೆಸಿಕೊಂಡು ಬರುವವರೂ ಇದ್ದಾರೆ.

ಅದರ ಅಗತ್ಯವೇ ಇಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡಲೆಂದೇ ಸರ್ಕಾರ ಮನೋಚೈತನ್ಯ ಎಂಬ ಯೋಜನೆ ಮಾಡಿದೆ. ಹೋಗುವ ಮುನ್ನ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಶಿವಮೊಗ್ಗವೂ ದೂರವಿಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಗೈರು ಹೆಚ್ಚಾಗಿ ಶಾಲೆಯವರು ಸರ್ಟಿಫಿಕೇಟ್ ಕೇಳಿದರೆ, ಇಂಥ ದಿನದಿಂದ ಇಂಥ ದಿನದವರೆಗೆ ನನ್ನ ಚಿಕಿತ್ಸೆಯಲ್ಲಿದ್ದಳು, ಈಗ ಶಾಲೆಗೆ ಬರಬಹುದು, ಮೊದಲ ಎರಡು ವಾರ ತಡವಾಗಿ ಬರಲು ಅವಕಾಶ ಕೊಡಿ ಎಂದಷ್ಟೇ ಬರೆದುಕೊಡಿ ಎಂದು ಆ ವೈದ್ಯರನ್ನೇ ಕೇಳಿ. ಕಾಯಿಲೆಯ ಹೆಸರು ಹಾಕಬೇಡಿ ಎಂದೂ ಹೇಳಿ. ಕೇಳದಿದ್ದರೆ ಅಭ್ಯಾಸಬಲದಿಂದ ಬರೆದುಬಿಡುತ್ತಾರೆ.